ಎರೆ ಹೊಲದ ಹಸಿ, ಹನ್ನೆರಡು ಕಾಲಂಗಳಲ್ಲಿ

ವಿಜಯಪುರ ಸೀಮೆಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಮಳೆಗಾಲ ಮುಗಿಯುತ್ತ ಬಂದಾಗ. ಮುಂಗಾರಿನುದ್ದಕ್ಕೂ ಹೊಲವನ್ನು ಬೀಳು ಬಿಟ್ಟು, ಆಗಾಗ ಹರಗಿ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಬೀಜ ಹಾಕುತ್ತಾರೆ. ಅಲ್ಲಿಂದ ಮುಂದೆ ಮಳೆ ಬಂದರೂ ಅಷ್ಟಕ್ಕಷ್ಟೇ. ಎರೆ ಮಣ್ಣು ತನ್ನೊಳಗೆ ಹಿಡಿದಿಟ್ಟ ಹಸಿಯೇ ಬೆಳೆಯನ್ನು ಜನವರಿವರೆಗೆ ಸಾಕಬೇಕು. ಹೀಗಾಗಿ ಇಲ್ಲಿನ ರೈತನಿಗೆ ವರ್ಷದ ಮಳೆ ಎಷ್ಟಾಯಿತು ಎನ್ನುವುದಕ್ಕಿಂತ, ಬಿತ್ತನೆಯ ಹೊತ್ತಿಗೆ ಬೇರು ಇಳಿಯುವ ಆಳದಲ್ಲಿ ಎಷ್ಟು ನೀರು ಉಳಿದಿದೆ ಎನ್ನುವುದೇ ದೊಡ್ಡ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಖರ್ಚು ಮಾಡಿ ಹೊಲದಲ್ಲಿ ಚೌಕು ಮಡಿ ಕಟ್ಟಿಸಿದರೆ ಆ ನೀರು ಎಷ್ಟು ಹೆಚ್ಚೀತು?

ಎರಡಕ್ಕೂ ಉತ್ತರ ಹುಡುಕಲು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಸ್ಪ್ರೆಡ್‌ಶೀಟ್ ಸಾಕು. ಬೇರಿನ ವಲಯವನ್ನು ನೀರಿನ ಹಗೇವು ಎಂದುಕೊಳ್ಳಿ. ಅದಕ್ಕೆ ಇಂತಿಷ್ಟೇ ಎಂಬ ಅಳತೆಯಿದೆ. ಮೇಲಿನಿಂದ ಮಳೆ ಬೀಳುತ್ತದೆ, ಒಂದು ಪಾಲು ಒಳಗೆ ಇಳಿಯದೆ ಹರಿದು ಹೋಗುತ್ತದೆ. ಒಳಗೆ ಇಳಿದದ್ದರಲ್ಲಿ ಬಿಸಿಲು ಮತ್ತು ಬೆಳೆ ತಮ್ಮ ಪಾಲು ಎಳೆದುಕೊಳ್ಳುತ್ತವೆ. ತುಂಬಿದ ಮೇಲೆ ಉಳಿದದ್ದು ಬೇರಿಗೆ ಎಟುಕದಂತೆ ಕೆಳಕ್ಕೆ ಬಸಿದು ಹೋಗುತ್ತದೆ. ಈ ತಿಂಗಳ ಕೊನೆಯ ದಾಸ್ತಾನೇ ಮುಂದಿನ ತಿಂಗಳ ಆರಂಭದ ದಾಸ್ತಾನು.

ಮೊದಲು ಹಗೇವಿನ ಅಳತೆ. ಬೆಳೆಗೆ ಎಟುಕುವ ನೀರೆಂದರೆ, ಚೆನ್ನಾಗಿ ನೆನೆದು ಬಸಿದ ಮಣ್ಣಿನಲ್ಲಿ ನಿಲ್ಲುವ ನೀರಿಗೂ ಗಿಡ ಬಾಡಿ ಮತ್ತೆ ಚೇತರಿಸದ ಹಂತದಲ್ಲಿ ಉಳಿದಿರುವ ನೀರಿಗೂ ನಡುವಿನ ಅಂತರ. ಬಾಡಿದ ಹಂತದಲ್ಲೂ ಎರೆ ಮಣ್ಣಿನಲ್ಲಿ ಸಾಕಷ್ಟು ನೀರಿರುತ್ತದೆ, ಆದರೆ ಅದನ್ನು ಮಣ್ಣು ಬಿಟ್ಟುಕೊಡುವುದಿಲ್ಲ. ನಮ್ಮ ಉದಾಹರಣೆಗೆ ಪ್ರತಿ ಮೀಟರ್ ಆಳಕ್ಕೆ 160 ಮಿಲಿಮೀಟರ್ ಎಂದು ಹಿಡಿಯೋಣ. ಹೊಲದಲ್ಲಿ ಒಂದು ಮೀಟರ್ ಆಳದ ಮಣ್ಣಿದ್ದರೆ ಅಳತೆ 160. ಅದನ್ನು N1 ಎಂಬ ಮನೆಯಲ್ಲಿ ಬರೆಯಿರಿ. ಎಕರೆ ಲೆಕ್ಕ ಬೇಕಾದವರಿಗೆ: ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಸುಮಾರು 4,000 ಲೀಟರ್.

ಇನ್ನು ಕಾಲಂಗಳು. A ತಿಂಗಳು, B ಮಳೆ, C ಹರಿದು ಹೋಗುವ ಪಾಲು, D ಹರಿದು ಹೋದದ್ದು, E ಒಳಗೆ ಇಳಿದದ್ದು. F ಹವೆಯ ಬೇಡಿಕೆ, G ಬೆಳೆಯ ಗುಣಕ, H ಇವೆರಡನ್ನು ಗುಣಿಸಿದಾಗ ಬರುವ ಆ ಹೊಲದ ಬೇಡಿಕೆ. I ಆರಂಭದ ದಾಸ್ತಾನು, J ನಿಜವಾಗಿ ಬಳಕೆಯಾದದ್ದು, K ಬಸಿದದ್ದು, L ಕೊನೆಯ ದಾಸ್ತಾನು. ಕೈಯಿಂದ ತುಂಬಬೇಕಾದದ್ದು B, C, F, G ಮತ್ತು ಮೊದಲ ಸಾಲಿನ I ಮಾತ್ರ.

ಮಳೆಯ ಅಂಕಿ ಹೊಲದ ಮಳೆಮಾಪಕದಿಂದ ಬಂದರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಾಪಕಗಳ ಅಂಕಿ ಬಳಸಬಹುದು. ಹವೆಯ ಬೇಡಿಕೆ ಎಂದರೆ ಚೆನ್ನಾಗಿ ನೀರುಂಡ ಹುಲ್ಲುಹಾಸು ಆ ಹವೆಯಲ್ಲಿ ಎಷ್ಟು ನೀರು ಬಿಡುತ್ತದೋ ಅಷ್ಟು. ಹತ್ತಿರದ ಕೃಷಿ ಸಂಶೋಧನಾ ಕೇಂದ್ರದ ಆವಿಮಾಪಕ ಬಾನಿಯ ಅಂಕಿಯನ್ನು 0.7ರಿಂದ ಗುಣಿಸಿದರೆ ಅದರ ಹತ್ತಿರ ಬರುತ್ತದೆ. ಜೋಳದ ಗುಣಕಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ ಕೈಪಿಡಿಯಲ್ಲಿವೆ. ಎಳೆ ಬೆಳೆಗೆ ಕಡಿಮೆ, ತೆನೆ ಬರುವಾಗ 1ರ ಆಸುಪಾಸು, ಮಾಗುವಾಗ ಮತ್ತೆ ಇಳಿಮುಖ. ಬೀಳು ಹೊಲಕ್ಕೆ, ಮಳೆಗಾಲದಲ್ಲಿ ಮೇಲ್ಮಣ್ಣು ಆಗಾಗ ಒದ್ದೆಯಾಗುವುದರಿಂದ, ನಾನು 0.4 ಹಿಡಿದಿದ್ದೇನೆ.

ಉದಾಹರಣೆಗೆಂದು ಕಟ್ಟಿಕೊಂಡ ಒಂದು ವರ್ಷ ಇದು. ಅಂಕಿಗಳು ಯಾವುದೇ ಹಳ್ಳಿಯ ದಾಖಲೆಯಲ್ಲ, ಆದರೆ ಆ ಸೀಮೆಯ ಸ್ವಭಾವಕ್ಕೆ ಒಪ್ಪುವಂಥವು:

| ತಿಂಗಳು | ಮಳೆ | ಹರಿಯುವ ಪಾಲು | ಹವೆಯ ಬೇಡಿಕೆ | ಗುಣಕ |
|---|---|---|---|---|
| ಜೂನ್ | 90 | 0.10 | 180 | 0.4 |
| ಜುಲೈ | 70 | 0.10 | 150 | 0.4 |
| ಆಗಸ್ಟ್ | 90 | 0.10 | 145 | 0.4 |
| ಸೆಪ್ಟೆಂಬರ್ | 160 | 0.25 | 130 | 0.4 |
| ಅಕ್ಟೋಬರ್ | 88 | 0.25 | 130 | 0.5 |
| ನವೆಂಬರ್ | 24 | 0 | 120 | 0.9 |
| ಡಿಸೆಂಬರ್ | 5 | 0 | 115 | 1.0 |
| ಜನವರಿ | 0 | 0 | 125 | 0.8 |

ಜೂನ್ ತಿಂಗಳು ಎರಡನೇ ಸಾಲಿನಲ್ಲಿರಲಿ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಹೊಲವಾದ್ದರಿಂದ I2ರಲ್ಲಿ ಸೊನ್ನೆ. ಉಳಿದ ಸೂತ್ರಗಳು ಇಷ್ಟೇ:

```
D2: =B2*C2
E2: =B2-D2
H2: =F2*G2
J2: =MIN(H2,I2+E2)
K2: =MAX(0,I2+E2-J2-$N$1)
L2: =I2+E2-J2-K2
I3: =L2
```

ಇವನ್ನು ಜನವರಿಯ ಸಾಲಿನವರೆಗೆ ಕೆಳಗೆ ಎಳೆಯಿರಿ. ಪಕ್ಕದಲ್ಲಿ ಒಂದು ತಾಳೆಯ ಮನೆ ಇರಲೇಬೇಕು:

```
=SUM(B2:B9)-SUM(D2:D9)-SUM(J2:K9)-(L9-I2)
```

ಉತ್ತರ ಸೊನ್ನೆ ಬರದಿದ್ದರೆ ಎಲ್ಲೋ ಸೂತ್ರ ತಪ್ಪಿದೆ. ಸೊನ್ನೆ ಬಂದ ಮಾತ್ರಕ್ಕೆ ಅಂಕಿಗಳು ಸರಿ ಎಂದಲ್ಲ, ಕೂಡಿಸಿ ಕಳೆದದ್ದು ಸರಿ ಎಂದಷ್ಟೇ.

ಹಾಳೆ ಓದಿದಾಗ ಮೊದಲು ಕಣ್ಣಿಗೆ ಬೀಳುವುದು ಮುಂಗಾರಿನ ನಾಲ್ಕು ತಿಂಗಳು. ಬಿದ್ದ ಮಳೆ 410 ಮಿಲಿಮೀಟರ್. ಅದರಲ್ಲಿ 65 ಹರಿದು ಹೋಯಿತು, 242 ಬೀಳು ಹೊಲದಿಂದಲೇ ಆವಿಯಾಯಿತು, ಮಣ್ಣಿನಲ್ಲಿ ಉಳಿದದ್ದು 103. ಕಾಲು ಭಾಗ ಮಾತ್ರ! ಜೂನ್ ಮತ್ತು ಜುಲೈ ಸೇರಿ 160 ಮಿಲಿಮೀಟರ್ ಸುರಿದರೂ ದಾಸ್ತಾನಿಗೆ ಬಂದದ್ದು 12. ಚದುರಿ ಬೀಳುವ ಸಣ್ಣ ಮಳೆಗಳು ಮೇಲ್ಮಣ್ಣನ್ನಷ್ಟೇ ನೆನೆಸಿ ಹಾರಿಹೋಗುತ್ತವೆ. ಹಸಿ ನಿಜವಾಗಿ ಕೂಡುವುದು ಸೆಪ್ಟೆಂಬರಿನಲ್ಲಿ, ಮತ್ತು ಅತಿ ಹೆಚ್ಚು ನೀರು ಹರಿದು ಹೋಗುವುದೂ ಅದೇ ತಿಂಗಳಲ್ಲಿ.

ಮುಂದೆ ಹೋದರೆ ಹಾಳೆ ಎಡವುತ್ತದೆ. ಅಕ್ಟೋಬರ್ ಕೊನೆಗೆ 104 ಮಿಲಿಮೀಟರ್ ದಾಸ್ತಾನಿದೆ. ನವೆಂಬರಿನಲ್ಲಿ ಬೆಳೆ ತನಗೆ ಬೇಕಾದ 108ನ್ನೂ ಪೂರ್ತಿ ಕುಡಿಯುತ್ತದೆ, ಉಳಿಯುವುದು 20. ಡಿಸೆಂಬರಿನ ಐದು ಸೇರಿಸಿದರೂ ಒಂದು ವಾರದ ಬೇಡಿಕೆಗಷ್ಟೇ ಸಾಕು. ಆಮೇಲೆ ಸೊನ್ನೆ, ಜನವರಿ ಪೂರ್ತಿ ಸೊನ್ನೆ. ಹಾಗಾಗಿದ್ದರೆ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದವರಿಗೆ ಒಣ ದಂಟು ಕಾಣಬೇಕಿತ್ತು, ಸೀತನಿಯ ಮಾತೇ ಇರುತ್ತಿರಲಿಲ್ಲ. ಹೊಲದಲ್ಲಿ ಆಗುವುದು ಬೇರೆ. ಮಣ್ಣು ಒಣಗುತ್ತ ಬಂದಂತೆ ಉಳಿದ ನೀರನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಗಿಡವೂ ಎಲೆ ಸುರುಳಿ ಸುತ್ತಿ ಕಡಿಮೆ ಎಳೆಯುತ್ತದೆ. ಹಸಿ ಕಮ್ಮಿಯಾಗುತ್ತ ಹೋಗುತ್ತದೆಯೇ ಹೊರತು ಒಂದು ದಿನ ಥಟ್ಟನೆ ಮುಗಿಯುವುದಿಲ್ಲ.

ಇದನ್ನು ಲೆಕ್ಕಕ್ಕೆ ತರುವ ದಾರಿಯನ್ನು ಅಮೆರಿಕದ ಹವಾಮಾನ ವಿಜ್ಞಾನಿಗಳಾದ ಥಾರ್ನ್‌ತ್ವೇಟ್ ಮತ್ತು ಮೇದರ್ 1955ರಲ್ಲಿ ತೋರಿಸಿದರು. ಮಳೆ ಸಾಲದ ತಿಂಗಳಲ್ಲಿ ದಾಸ್ತಾನು ಎಷ್ಟು ಕುಗ್ಗಿದೆಯೋ ಅಷ್ಟೇ ನಿಧಾನವಾಗಿ ಖಾಲಿಯಾಗುತ್ತದೆ ಎಂಬುದು ಅದರ ತಿರುಳು. ಹಾಳೆಯಲ್ಲಿ ಬದಲಿಸಬೇಕಾದದ್ದು J ಕಾಲಂ ಒಂದನ್ನೇ:

```
=IF(E2>=H2,H2,E2+I2*(1-EXP(-(H2-E2)/$N$1)))
```

ಈಗ ನವೆಂಬರ್ ಕೊನೆಗೆ 62, ಡಿಸೆಂಬರ್ ಕೊನೆಗೆ 31, ಜನವರಿ ಕೊನೆಗೆ 17 ಮಿಲಿಮೀಟರ್ ಉಳಿಯುತ್ತದೆ. ಡಿಸೆಂಬರಿನಲ್ಲಿ ಬೇಡಿಕೆ 115 ಇದ್ದರೆ ಬೆಳೆಗೆ ಸಿಕ್ಕಿದ್ದು 36. ಹಸಿದಿದೆ, ಆದರೆ ಸತ್ತಿಲ್ಲ. ಒಣ ಬೇಸಾಯದ ಜೋಳದ ಪಾಡು ಇದೇ.

ಇನ್ನು ಚೌಕು ಮಡಿಯ ಪ್ರಶ್ನೆ. ಹೊಲವನ್ನು ಸಣ್ಣ ಬದುಗಳಿಂದ ಚೌಕ ಚೌಕವಾಗಿ ಕಟ್ಟಿದರೆ ನೀರು ಬಿದ್ದಲ್ಲೇ ನಿಂತು ಇಂಗುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಹರಿಯುವ ಪಾಲನ್ನು 0.25ರಿಂದ 0.10ಕ್ಕೆ ಇಳಿಸಿ ನೋಡಿ. ಅಕ್ಟೋಬರ್ ಕೊನೆಯ ದಾಸ್ತಾನು 104ರಿಂದ 141ಕ್ಕೆ ಏರುತ್ತದೆ. ಹೆಚ್ಚಿದ 37 ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು ಒಂದೂವರೆ ಲಕ್ಷ ಲೀಟರ್. ಅದರಲ್ಲಿ 31 ಮಿಲಿಮೀಟರ್ ಜನವರಿಯೊಳಗೆ ಬೆಳೆಗೇ ಸಲ್ಲುತ್ತದೆ, ಅದರಲ್ಲೂ ಅರ್ಧದಷ್ಟು ತೆನೆ ಬಂದು ಕಾಳು ಕಟ್ಟುವ ಡಿಸೆಂಬರ್, ಜನವರಿಯಲ್ಲಿ.

ಈಗ N1ರಲ್ಲಿ 160 ಅಳಿಸಿ 72 ಬರೆಯಿರಿ. ಅಂದರೆ 45 ಸೆಂಟಿಮೀಟರ್ ಕೆಳಗೆ ಗರಸು ಸಿಗುವ ತೆಳು ಎರೆ ಹೊಲ. ಮಡಿ ಇಲ್ಲದಿದ್ದರೆ ನವೆಂಬರ್ ಶುರುವಾಗುವುದು 72 ಮಿಲಿಮೀಟರಿನಿಂದ. ಮಡಿ ಕಟ್ಟಿದರೂ 72ರಿಂದಲೇ! ಉಳಿಸಿದ 37 ಮಿಲಿಮೀಟರ್ ಪೂರ್ತಿಯಾಗಿ K ಕಾಲಂಗೆ, ಬಸಿದ ನೀರಿಗೆ, ಸೇರಿದೆ. ಕೆಳಗಿನ ಬಾವಿಗೆ ಅದು ಒಳ್ಳೆಯದಿರಬಹುದು, ಮೇಲ್ಮಣ್ಣು ಕೊಚ್ಚಿ ಹೋಗದಂತೆಯೂ ಮಡಿ ತಡೆಯುತ್ತದೆ. ಆದರೆ ಈ ವರ್ಷದ ಜೋಳಕ್ಕೆ ಒಂದು ಹನಿಯೂ ಹೆಚ್ಚಲಿಲ್ಲ. ಒಂದೇ ಊರಿನ ಎರಡು ಹೊಲಗಳಿಗೆ ಒಂದೇ ಸಲಹೆ ಕೊಡುವ ಮುಂಚೆ ಮಣ್ಣಿನ ಆಳ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ತಿಂಗಳ ಲೆಕ್ಕಕ್ಕೆ ಒಂದು ದೊಡ್ಡ ಕುರುಡಿದೆ. ಸೆಪ್ಟೆಂಬರಿನ 160 ಮಿಲಿಮೀಟರ್ ಎಂಟು ಹದ ಮಳೆಗಳಾಗಿ ಬಂದರೂ, ಎರಡೇ ರಾತ್ರಿ ಸುರಿದರೂ ಹಾಳೆಗೆ ಒಂದೇ. ಹೊಲಕ್ಕೆ ಒಂದಲ್ಲ. ಎರಡು ರಾತ್ರಿಯಲ್ಲಿ ಬಂದರೆ ಒಡ್ಡು ಮೀರಿ ಹರಿಯುವುದೂ, ತೆಳು ಮಣ್ಣಿನಲ್ಲಿ ಬಸಿಯುವುದೂ ಹೆಚ್ಚು. ಆದ್ದರಿಂದ C ಕಾಲಂ ಅನ್ನು ಮಳೆಯ ರೀತಿ ನೋಡಿಯೇ ತುಂಬಬೇಕು. ಒಡ್ಡಿನ ಕೋಡಿಯಲ್ಲಿ ನೀರು ಹೊರಟದ್ದು ಯಾವ ಮಳೆಗೆ ಎಂದು ಬರೆದಿಟ್ಟುಕೊಂಡವರ ಅಂದಾಜು ಪುಸ್ತಕದ ಅಂಕಿಗಿಂತ ಗಟ್ಟಿ. ತೆಳು ಕೆಂಪು ಮಣ್ಣಿನವರು ತಿಂಗಳ ಬದಲು ವಾರದ ಸಾಲು ಮಾಡಿಕೊಳ್ಳುವುದು ಲೇಸು.

ಹಾಳೆ ಹೇಳಿದ್ದು ನಿಜವೇ ಎಂದು ತಿಳಿಯಲು ಒಂದು ಕಬ್ಬಿಣದ ಸಲಾಕೆ ಬೇಕು. ಹಸಿ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ, ಒಣ ಪದರ ಸಿಕ್ಕಲ್ಲಿ ನಿಲ್ಲುತ್ತದೆ. ಹೊಲದ ಐದಾರು ಕಡೆ, ಬಿರುಕು ಬಿಟ್ಟು, ಚುಚ್ಚಿ ಸರಾಸರಿ ತೆಗೆಯಿರಿ. ನೆನೆದ ಪ್ರತಿ ಸೆಂಟಿಮೀಟರಿಗೆ 1.6 ಮಿಲಿಮೀಟರ್ ಲೆಕ್ಕದಲ್ಲಿ, 104 ಮಿಲಿಮೀಟರ್ ದಾಸ್ತಾನಿದ್ದರೆ ಸಲಾಕೆ ಸುಮಾರು 65 ಸೆಂಟಿಮೀಟರ್ ಇಳಿಯಬೇಕು. ಈ ಪರೀಕ್ಷೆಯನ್ನು ಆಗಸ್ಟ್ ಕೊನೆಗೆ ಒಮ್ಮೆ, ಅಕ್ಟೋಬರ್ ಕೊನೆಗೆ ಒಮ್ಮೆ ಮಾಡಿದರೆ ತಪ್ಪು ಯಾವ ಕಾಲಂನಲ್ಲಿದೆ ಎಂಬುದೂ ಸಿಗುತ್ತದೆ. ಆಗಸ್ಟಿನಲ್ಲೇ ಹಾಳೆಗಿಂತ ಕಡಿಮೆ ಇಳಿದರೆ ಬೀಳು ಹೊಲದ 0.4ನ್ನು ಅನುಮಾನಿಸಿ. ಒಂದೆರಡು ಸಲ ಹರಗದೆ ಕಳೆ ಬೆಳೆದಿದ್ದರೆ ಅದು 0.6 ಆಗಿದ್ದರೂ ಆಶ್ಚರ್ಯವಿಲ್ಲ. ಆಗಸ್ಟಿನಲ್ಲಿ ಸರಿಯಿದ್ದು ಅಕ್ಟೋಬರಿನಲ್ಲಿ ಕಡಿಮೆ ಬಂದರೆ ಸೆಪ್ಟೆಂಬರಿನ ಹರಿಯುವ ಪಾಲನ್ನು 0.25ರಿಂದ ಮೇಲೇರಿಸಿ, ಸಲಾಕೆಯ ಅಂಕಿಗೂ L ಕಾಲಂಗೂ ಹೊಂದಿಕೆಯಾಗುವವರೆಗೆ ತಿದ್ದಿ. ಹಾಗೆ ತಿದ್ದಿದ ಪಾಲನ್ನೇ ಮುಂದಿನ ವರ್ಷದ ಹಾಳೆಗೆ ಒಯ್ಯಬಹುದು.