ಹೊರಗಿನವರಿಗೆ ಎಷ್ಟು ಕಾಣಬೇಕು?

ಮೈಸೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಪತ್ತಿನ ಸಹಕಾರ ಸಂಘವೊಂದಕ್ಕೆ ಸಾಲದ ಅರ್ಜಿಯ ಆ್ಯಪ್ ಮಾಡಿಕೊಡುತ್ತಿದೆ ಎಂದಿಟ್ಟುಕೊಳ್ಳಿ. ಕಂಪನಿಯ ಸ್ವಂತ ತಂಡದಲ್ಲಿ ಆರು ಜನ. ಪರದೆಗಳನ್ನು ಬರೆಯಲು ಮೂರು ತಿಂಗಳ ಗುತ್ತಿಗೆಯ ಮೇಲೆ ಇಬ್ಬರು ಪ್ರೋಗ್ರಾಮರ್‌ಗಳು ಬಂದಿದ್ದಾರೆ. ಆ್ಯಪ್ ಸುರಕ್ಷಿತವೇ ಎಂದು ನೋಡಲು, ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಲೆಕ್ಕಪರಿಶೋಧಕ ಸಂಸ್ಥೆಯಿಂದ ಒಬ್ಬರು ಬರುತ್ತಾರೆ. ಯಾವ ಕೆಲಸ ಯಾರ ಪಾಲಿನದು, ಎಲ್ಲಿಗೆ ಬಂತು, ಯಾವುದು ಕೆಟ್ಟಿದೆ ಎಂಬುದೆಲ್ಲ ದಾಖಲಾಗುವುದು ರೆಡ್‌ಮೈನ್ ಎಂಬ ಟ್ರ್ಯಾಕರ್‌ನಲ್ಲಿ. 2006ರಿಂದ ಬಳಕೆಯಲ್ಲಿರುವ ಇದು ಉಚಿತ, ಮುಕ್ತ ತಂತ್ರಾಂಶ. ಪ್ರತಿ ಕೆಲಸಕ್ಕೂ ಇಲ್ಲಿ ಒಂದು ಟಿಕೆಟ್.

ಈ ಮೂವರಿಗೂ ಲಾಗಿನ್ ಕೊಡಲೇಬೇಕು. ಅವಸರದಲ್ಲಿ ಹೆಚ್ಚಿನ ಕಡೆ ಆಗುವುದೆಂದರೆ, ತಂಡದವರಿಗೆ ಇರುವ Developer ಪಾತ್ರವನ್ನೇ ಹೊರಗಿನವರಿಗೂ ಹಚ್ಚಿ ಮುಂದೆ ಸಾಗುವುದು. ಕೆಲಸವೇನೋ ಅವತ್ತೇ ಶುರುವಾಗುತ್ತದೆ. ಆದರೆ ಸಂಘದ ಜತೆಗಿನ ದರದ ಮಾತುಕತೆ, ಗ್ರಾಹಕರ ದೂರು, ಇನ್ನೂ ಸರಿಪಡಿಸದ ಭದ್ರತಾ ದೋಷ, ಎಲ್ಲವೂ ಮೂರು ತಿಂಗಳಿಗೆಂದು ಬಂದವರ ಕಣ್ಣಿಗೂ ಬೀಳುತ್ತವೆ.

ಮಾಡುವುದಕ್ಕಿಂತ ನೋಡುವುದು ಮೊದಲು

ಅನುಮತಿ ಎಂದರೆ ಯಾರು ಏನನ್ನು ತಿದ್ದಬಹುದು, ಯಾರು ಅಳಿಸಬಹುದು ಎಂದಷ್ಟೇ ಯೋಚಿಸುವುದು ರೂಢಿ. ಹೊರಗಿನವರ ವಿಷಯದಲ್ಲಿ ಯಾರಿಗೆ ಯಾವ ಟಿಕೆಟ್ ಕಾಣಬೇಕು ಎಂಬುದು ಅದಕ್ಕಿಂತ ಮುಂಚೆ ತೀರ್ಮಾನವಾಗಬೇಕು. ತಪ್ಪಾಗಿ ತಿದ್ದಿದ್ದು ಇತಿಹಾಸದಲ್ಲಿ ಉಳಿದಿರುತ್ತದೆ, ಹಿಂದಿನ ಸ್ಥಿತಿಗೆ ತರಬಹುದು. ಒಮ್ಮೆ ಓದಿದ್ದನ್ನು ಓದದ ಹಾಗೆ ಮಾಡಲು ಬರುವುದಿಲ್ಲ.

ರೆಡ್‌ಮೈನ್‌ನ Roles and permissions ಪುಟದಲ್ಲಿ ಪ್ರತಿ ಪಾತ್ರಕ್ಕೂ Issues visibility ಎಂಬ ಆಯ್ಕೆಯಿದೆ. ‘ಗುತ್ತಿಗೆ’ ಎಂಬ ಹೊಸ ಪಾತ್ರ ಮಾಡಿ, ಅಲ್ಲಿ Issues created by or assigned to the user ಎಂಬುದನ್ನು ಆರಿಸಿದರೆ, ಆ ಇಬ್ಬರಿಗೆ ತಾವು ಬರೆದ ಅಥವಾ ತಮಗೆ ವಹಿಸಿದ ಟಿಕೆಟ್‌ಗಳು ಮಾತ್ರ ಕಾಣುತ್ತವೆ. ಅದರ ಹತ್ತಿರವೇ ಇರುವ Users visibility ಆಯ್ಕೆಯನ್ನು Members of visible projects ಎಂದಿಟ್ಟರೆ, ಕಂಪನಿಯ ಬೇರೆ ಗ್ರಾಹಕರ ಹೆಸರುಗಳೂ ಅವರ ಕಣ್ಣಿಗೆ ಬೀಳುವುದಿಲ್ಲ.

ಈ ಬಿಗಿಯಲ್ಲೇ ಒಂದು ತೊಡಕೂ ಇದೆ. ಪ್ರೋಗ್ರಾಮರ್ ತನ್ನ ಕೆಲಸ ಮುಗಿಸಿ, ‘ಇನ್ನು ನೀವು ನೋಡಿ ಸರ್’ ಎಂದು ಟಿಕೆಟನ್ನು ತಂಡದ ಮುಖ್ಯಸ್ಥರ ಹೆಸರಿಗೆ ವರ್ಗಾಯಿಸುತ್ತಾನೆ. ಮರುಕ್ಷಣ ಅದು ಅವನ ಪಟ್ಟಿಯಿಂದ ಮಾಯ. ಅದನ್ನು ಬರೆದವನು ಅವನಲ್ಲ, ವಹಿಸಿಕೊಂಡವನಾಗಿಯೂ ಉಳಿಯಲಿಲ್ಲ. ಮುಖ್ಯಸ್ಥರು ಅದರಲ್ಲಿ ಪ್ರಶ್ನೆ ಕೇಳಿದರೆ ಉತ್ತರಿಸಲು ಅವನಿಗೆ ದಾರಿಯಿಲ್ಲ. ಇಂಥ ದೂರು ಎರಡು ಸಲ ಬಂದರೆ ಸಾಕು, ಬೇಸತ್ತ ಅಡ್ಮಿನ್ ‘ಎಲ್ಲವೂ ಕಾಣಲಿ ಬಿಡಿ’ ಎಂದು ಬೀಗ ತೆಗೆದುಬಿಡುತ್ತಾರೆ.

ಬೀಗ ತೆಗೆಯದೆಯೂ ಇದನ್ನು ಬಗೆಹರಿಸಬಹುದು. ಟಿಕೆಟ್ ಅವನ ಹೆಸರಿನಲ್ಲೇ ಇರಲಿ, ಬದಲಾಗುವುದು ಅದರ ಸ್ಥಿತಿ ಮಾತ್ರ. Workflow ಪುಟದಲ್ಲಿ ಗುತ್ತಿಗೆ ಪಾತ್ರಕ್ಕೆ In Progress ನಿಂದ Resolved ವರೆಗಿನ ಹೆಜ್ಜೆಯನ್ನಷ್ಟೇ ಕೊಟ್ಟು, Closed ಅನ್ನು ಮುಖ್ಯಸ್ಥರಿಗೆ ಉಳಿಸಿಕೊಳ್ಳಬೇಕು. ಅದೇ ಪುಟದ Fields permissions ಭಾಗದಲ್ಲಿ, ಯಾರಿಗೆ ವಹಿಸಿದೆ, ಆದ್ಯತೆ ಎಷ್ಟು, ಗಡುವು ಯಾವಾಗ ಎಂಬ ಅಂಕಣಗಳನ್ನು ಗುತ್ತಿಗೆ ಪಾತ್ರಕ್ಕೆ ಓದಲು ಮಾತ್ರ ಎಂದು ಗುರುತು ಮಾಡಬೇಕು. ಮುಖ್ಯಸ್ಥರು Resolved ಆದ ಟಿಕೆಟ್‌ಗಳ ಪಟ್ಟಿಯನ್ನು ದಿನಕ್ಕೊಮ್ಮೆ ತೆರೆದು ನೋಡಿದರಾಯಿತು.

ಪರಿಶೋಧಕರಿಗೆ ಬೇರೆ ಕೋಣೆ

ಪರಿಶೋಧಕರ ಅಗತ್ಯವೇ ಬೇರೆ. ಅವರು ಬರೆಯುವ ಮೊದಲ ಟಿಕೆಟ್ ಹೀಗಿರಬಹುದು: ‘ವಿಳಾಸಪಟ್ಟಿಯಲ್ಲಿ ಅರ್ಜಿಯ ಸಂಖ್ಯೆಯನ್ನು ಬದಲಿಸಿದರೆ ಬೇರೊಬ್ಬರ ಆಧಾರ್ ಪ್ರತಿ ತೆರೆದುಕೊಳ್ಳುತ್ತದೆ.’ ಸರಿಪಡಿಸುವ ತನಕ ಈ ಒಂದು ಸಾಲು ಕಳ್ಳನಿಗೆ ದಾರಿ ತೋರಿಸುವಂಥದ್ದು. ಗುತ್ತಿಗೆಯವರಿಗಷ್ಟೇ ಅಲ್ಲ, ತಂಡದ ಎಲ್ಲರಿಗೂ ಇದು ಕಾಣಬೇಕಾಗಿಲ್ಲ.

ಆದ್ದರಿಂದ ಮುಖ್ಯ ಯೋಜನೆಯ ಒಳಗೆ ‘ಪರಿಶೋಧನೆ’ ಎಂಬ ಉಪಯೋಜನೆ ತೆರೆಯುವುದು ಒಳ್ಳೆಯದು. ಅದರ ಸೆಟ್ಟಿಂಗ್‌ನಲ್ಲಿ Public ಮತ್ತು Inherit members ಎಂಬ ಎರಡೂ ಗುರುತುಗಳು ಇಲ್ಲದಂತೆ ನೋಡಿಕೊಳ್ಳಬೇಕು. ಎರಡನೆಯದು ಇದ್ದರೆ ಮುಖ್ಯ ಯೋಜನೆಯ ಸದಸ್ಯರೆಲ್ಲ ಇಲ್ಲಿಗೂ ತಾವಾಗಿ ಬಂದು ಸೇರುತ್ತಾರೆ. ಸದಸ್ಯರಾಗಿ ಪರಿಶೋಧಕರು ಮತ್ತು ತಂಡದ ಇಬ್ಬರು ಸಾಕು. ಈ ಕೋಣೆಯಲ್ಲಿ Closed ಒತ್ತುವ ಹಕ್ಕು ಪರಿಶೋಧಕರದ್ದೇ ಆಗಿರಲಿ. ದೋಷ ನಿಜಕ್ಕೂ ಸರಿಯಾಯಿತೆಂದು ಹೇಳಬೇಕಾದವರು ಅವರು, ಸರಿಪಡಿಸಿದವರಲ್ಲ.

ಹಾಗಾದರೆ ಗುತ್ತಿಗೆಯವನು ಆ ದೋಷವನ್ನು ಸರಿಪಡಿಸುವುದು ಹೇಗೆ? ಮುಖ್ಯ ಯೋಜನೆಯಲ್ಲಿ ಅವನಿಗಾಗಿ ಇನ್ನೊಂದು ಟಿಕೆಟ್ ಬರೆಯಬೇಕು: ‘ಕಡತ ತೆರೆಯುವ ಮುನ್ನ ಅದು ಲಾಗಿನ್ ಆದವರದ್ದೇ ಎಂದು ಪರೀಕ್ಷಿಸುವ ಸಾಲು ಸೇರಿಸಿ.’ ಏನು ಮಾಡಬೇಕು ಎಂಬುದು ಅದರಲ್ಲಿದೆ, ಪರಿಶೋಧಕರು ಅದನ್ನು ಹೇಗೆ ಭೇದಿಸಿದರು, ಇನ್ನೆಲ್ಲೆಲ್ಲಿ ಇಂಥದ್ದು ಸಿಕ್ಕಿತು ಎಂಬುದಿಲ್ಲ. ಯೋಜನೆಗಳ ನಡುವಿನ ಸಂಬಂಧಕ್ಕೆ ಅಡ್ಮಿನ್ ಅವಕಾಶ ಕೊಟ್ಟಿದ್ದರೆ ಎರಡೂ ಟಿಕೆಟ್‌ಗಳನ್ನು ಜೋಡಿಸಿಡಬಹುದು. ಆಚೆಯ ಟಿಕೆಟ್ ನೋಡುವ ಹಕ್ಕಿಲ್ಲದವರಿಗೆ ಆ ಕೊಂಡಿ ಕಾಣುವುದೇ ಇಲ್ಲ.

ಸೋರುವ ಜಾಗಗಳು

ಇಷ್ಟೆಲ್ಲ ಮಾಡಿದ ಮೇಲೂ ಮಾಹಿತಿ ಸೋರಬಹುದು. ರೆಡ್‌ಮೈನ್‌ನಲ್ಲಿ ಹೊಸ ಯೋಜನೆಗಳು ಮೂಲತಃ ಸಾರ್ವಜನಿಕವಾಗಿಯೇ ಹುಟ್ಟುತ್ತವೆ. ಸದಸ್ಯರಲ್ಲದಿದ್ದರೂ ಲಾಗಿನ್ ಇರುವವರಿಗೆ Non member ಎಂಬ ಪಾತ್ರ ತಾನಾಗಿ ಸಿಗುತ್ತದೆ. ಹೀಗಾಗಿ ಕಂಪನಿಯ ಬೇರೆ ಯೋಜನೆಗಳು ಸಾರ್ವಜನಿಕವಾಗಿದ್ದರೆ, ಆ ಪಾತ್ರಕ್ಕೆ ಕೊಟ್ಟಷ್ಟನ್ನು ಗುತ್ತಿಗೆಯವರೂ ಓದಬಲ್ಲರು. ಇನ್ನೊಂದು ಜಾಗ, ಒಬ್ಬರಿಗೇ ಎರಡು ಪಾತ್ರ. ರೆಡ್‌ಮೈನ್ ಎರಡರ ಹಕ್ಕುಗಳನ್ನೂ ಕೂಡಿಸುತ್ತದೆ, ಒಂದರ ಬಿಗಿ ಇನ್ನೊಂದನ್ನು ತಡೆಯುವುದಿಲ್ಲ. ‘ಇವತ್ತೊಂದು ದಿನಕ್ಕೆ’ ಎಂದು ಕೊಟ್ಟ Developer ಪಾತ್ರವನ್ನು ವಾಪಸ್ ಪಡೆಯದಿದ್ದರೆ ಗುತ್ತಿಗೆ ಪಾತ್ರ ಇದ್ದೂ ಇಲ್ಲದಂತೆ. ಮೂರನೆಯದು ಇಮೇಲ್. ಟಿಪ್ಪಣಿಯನ್ನು ಖಾಸಗಿ ಎಂದು ಗುರುತು ಮಾಡದೆ ಕಳುಹಿಸಿದರೆ ಅದರ ಪ್ರತಿ ಆಗಲೇ ಅಂಚೆಪೆಟ್ಟಿಗೆಗೆ ಹೋಗಿರುತ್ತದೆ. ಆಮೇಲೆ ಖಾಸಗಿ ಮಾಡಿ ಪ್ರಯೋಜನವಿಲ್ಲ.

ಸೋರುತ್ತಿದೆಯೇ ಎಂದು ಅಡ್ಮಿನ್ ಲಾಗಿನ್‌ನಿಂದ ನೋಡಿದರೆ ತಿಳಿಯುವುದಿಲ್ಲ, ಅಡ್ಮಿನ್‌ಗೆ ಯಾವಾಗಲೂ ಎಲ್ಲವೂ ಕಾಣುತ್ತದೆ. ಗುತ್ತಿಗೆ ಪಾತ್ರ ಮಾತ್ರ ಇರುವ ಒಂದು ಪರೀಕ್ಷಾ ಖಾತೆ ಮಾಡಿ, ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಅದರಿಂದ ಲಾಗಿನ್ ಆಗಬೇಕು. ಪರಿಶೋಧನೆಯ ಟಿಕೆಟ್ 412 ಆಗಿದ್ದರೆ, ವಿಳಾಸಪಟ್ಟಿಯಲ್ಲಿ ಸೈಟಿನ ಹೆಸರಿನ ಮುಂದೆ ನೇರವಾಗಿ ಇದನ್ನು ಒತ್ತಬೇಕು:

```
/issues/412
```

403 ಎಂಬ ನಿರಾಕರಣೆಯ ಪುಟ ಬಂದರೆ ಸರಿ. ಟಿಕೆಟ್ ತೆರೆದುಕೊಂಡರೆ ಎಲ್ಲೋ ಬಾಗಿಲು ತೆರೆದೇ ಇದೆ ಎಂದರ್ಥ. ಹುಡುಕಾಟದ ಪೆಟ್ಟಿಗೆಯಲ್ಲಿ ‘ಆಧಾರ್’ ಎಂದು ಹಾಕಿ, ಯೋಜನೆಗಳ ಪಟ್ಟಿ, ವಿಕಿ, ಕಡತಗಳ ಪುಟ ಇವನ್ನೂ ಒಮ್ಮೆ ನೋಡಬೇಕು. ವಿಕಿ ಮತ್ತು ಕಡತಗಳಿಗೆ ಅನುಮತಿ ಪ್ರತ್ಯೇಕ, ಟಿಕೆಟ್‌ಗಳಿಗೆ ಹಾಕಿದ ಮಿತಿ ಅವಕ್ಕೆ ಅನ್ವಯಿಸುವುದಿಲ್ಲ.

ಗುತ್ತಿಗೆ ಮುಗಿದ ದಿನದ ಕೆಲಸವೂ ಒಂದಿದೆ. ಯೋಜನೆಯಿಂದ ಹೆಸರು ತೆಗೆದರಷ್ಟೇ ಸಾಲದು, ಲಾಗಿನ್ ಉಳಿದಿರುತ್ತದೆ. ಹಾಗೆಂದು ಖಾತೆಯನ್ನು ಅಳಿಸಲೂಬಾರದು. ಅಳಿಸಿದರೆ ಅವರು ಬರೆದ ಟಿಕೆಟ್, ಟಿಪ್ಪಣಿಗಳೆಲ್ಲ ಅನಾಮಧೇಯರ ಹೆಸರಿಗೆ ಹೋಗಿ, ಯಾರು ಏನು ಮಾಡಿದರೆಂಬ ದಾಖಲೆಯೇ ಕೆಡುತ್ತದೆ. ಖಾತೆಗೆ Lock ಹಾಕುವುದು ಸರಿಯಾದ ಕ್ರಮ: ಒಳಗೆ ಬರಲಾಗದು, ಹೆಸರು ಉಳಿಯುತ್ತದೆ.

ನಿಮ್ಮ ಕಚೇರಿಯಲ್ಲೂ ಇಂಥ ಟ್ರ್ಯಾಕರ್ ಇದ್ದರೆ ಇವತ್ತೇ ಸದಸ್ಯರ ಪಟ್ಟಿ ತೆರೆಯಿರಿ. ಹೊರಗಿನ ಪ್ರತಿಯೊಬ್ಬರ ಹೆಸರಿನ ಎದುರು ಅವರ ಗುತ್ತಿಗೆ ಮುಗಿಯುವ ದಿನಾಂಕ ಬರೆದುಕೊಳ್ಳಿ. ದಿನಾಂಕ ಕಳೆದಿದ್ದೂ ಲಾಗಿನ್ ನಡೆಯುತ್ತಿದ್ದರೆ ಮೊದಲು ಅದಕ್ಕೆ ಬೀಗ ಹಾಕಿ, ಉಳಿದ ಸೆಟ್ಟಿಂಗ್‌ಗಳನ್ನು ಆಮೇಲೆ ನೋಡಿದರಾಯಿತು.