ಮನೆಯಲ್ಲೇ ಹೋವರ್‌ಕ್ರಾಫ್ಟ್: ಎಷ್ಟು ಭಾರ ಹೊರುತ್ತೆ? ಇಲ್ಲಿದೆ ಲೆಕ್ಕ

ಗುಜರಾತ್ ಕರಾವಳಿಯಲ್ಲಿ ಕೋಸ್ಟ್ ಗಾರ್ಡ್ ಬಳಸುವ ಹೋವರ್‌ಕ್ರಾಫ್ಟ್ ತೇಲುವುದು ಅಡಿಯಲ್ಲಿ ತುಂಬಿದ ಗಾಳಿಯ ಒತ್ತಡದಿಂದ. ಪುಟ್ಟ ಮಾದರಿಯನ್ನು ನೀವೂ ಮಾಡಬಹುದು. 1 ಮೀಟರ್ ವ್ಯಾಸದ ದುಂಡನೆಯ ಪ್ಲೈವುಡ್ ಅಡಿಗೆ ದಪ್ಪ ಪ್ಲಾಸ್ಟಿಕ್ ಶೀಟನ್ನು ಸ್ವಲ್ಪ ಸಡಿಲ ಬಿಟ್ಟು ಅಂಚಿನಲ್ಲಿ ಬಿಗಿಯಿರಿ. ನಡುಭಾಗವನ್ನು ಹಲಗೆಗೆ ಜೋಡಿಸಿ, ಅದರ ಸುತ್ತ ಐದಾರು ರಂಧ್ರ ಮಾಡಿ. ಹಲಗೆಯ ಮೇಲಿನ ತೂತಿನಿಂದ ಗಾಳಿ ಊದಿ.

ಹಲಗೆಯ ವಿಸ್ತೀರ್ಣ 0.785 ಚದರ ಮೀಟರ್. ಸವಾರ, ಹಲಗೆ, ಬ್ಲೋವರ್ ಸೇರಿ 70 ಕೆಜಿ ಆದರೆ, ಚದರ ಮೀಟರ್‌ಗೆ 89 ಕೆಜಿ ಭಾರ. ಅಂದರೆ 89 ಮಿ.ಮೀ. ಎತ್ತರದ ನೀರಿನಷ್ಟು ಒತ್ತಡ ಬೇಕು. ಟೇಬಲ್ ಫ್ಯಾನ್‌ನಿಂದ ಇದು ಆಗದು, ಎಲೆ ಊದುವ ಬ್ಲೋವರ್ ಬೇಕು.

ನೀರು ತುಂಬಿದ ಯು ಆಕಾರದ ಪೈಪ್‌ನ ಒಂದು ತುದಿಯನ್ನು ಶೀಟಿನೊಳಗೆ ತೂರಿಸಿ. ಎರಡು ಬದಿಯ ನೀರಿನ ವ್ಯತ್ಯಾಸ 9 ಸೆಂ.ಮೀ. ಮುಟ್ಟದಿದ್ದರೆ ಶೀಟ್ ಸೋರುತ್ತಿದೆ, ಇಲ್ಲವೇ ಬ್ಲೋವರ್ ಸಾಲದು.