ಮೆಟ್ಟಿಲುಗಳ ಕೆಳಗಿನ ವಿಸ್ತೀರ್ಣ

ಹದಿನೇಳು ವರ್ಷ ಹನ್ನೊಂದು ತಿಂಗಳಾದ ಹುಡುಗನನ್ನು ವಯಸ್ಸು ಕೇಳಿದರೆ 17 ಎನ್ನುತ್ತಾನೆ. ಹುಟ್ಟುಹಬ್ಬದ ದಿನ ಅದು ಒಮ್ಮೆಗೇ 18ಕ್ಕೆ ಹಾರುತ್ತದೆ. ಪಿಯುಸಿ ಗಣಿತದ ಮಹತ್ತಮ ಪೂರ್ಣಾಂಕ ಫಲನ ಮಾಡುವುದೂ ಇದನ್ನೇ. x ಅನ್ನು ಮೀರದ ಪೂರ್ಣಾಂಕಗಳಲ್ಲಿ ಅತಿ ದೊಡ್ಡದು ಯಾವುದೋ ಅದೇ [x]. ಹಾಗಾಗಿ [2.7] ಎಂದರೆ 2. ಈ ಆವರಣ ಚಿಹ್ನೆಯನ್ನು 1808ರಲ್ಲಿ ಬಳಕೆಗೆ ತಂದವನು ಗೌಸ್.

ಇದರ ನಕ್ಷೆ ಬರೆದರೆ ಮೆಟ್ಟಿಲು ಸಾಲು ಸಿಗುತ್ತದೆ. ಅನುಕಲವೆಂದರೆ ನಕ್ಷೆಯ ಕೆಳಗಿನ ವಿಸ್ತೀರ್ಣ ತಾನೇ? ಮೆಟ್ಟಿಲುಗಳ ಕೆಳಗಿರುವುದು ಬರೀ ಆಯತಗಳು. 0ಯಿಂದ 4ರವರೆಗೆ [x]ನ ಅನುಕಲ ಬೇಕಿದ್ದರೆ ಅಂತರವನ್ನು ಒಂದೊಂದು ಮಾನದ ನಾಲ್ಕು ತುಂಡು ಮಾಡಿ, ಎತ್ತರಗಳನ್ನು ಕೂಡಿದರಾಯಿತು: 0+1+2+3 = 6. x ಸರಿಯಾಗಿ 4 ಆದಾಗ ಎತ್ತರ 4 ಆಗುತ್ತದಲ್ಲ ಎಂದು ಕೆಲವರು ತಡವರಿಸುತ್ತಾರೆ. ಒಂದು ಬಿಂದುವಿಗೆ ಅಗಲವೇ ಇಲ್ಲ, ಆದ್ದರಿಂದ ವಿಸ್ತೀರ್ಣವೂ ಇಲ್ಲ.

ಮಕ್ಕಳು ಎಡವುವುದು ಇದರ ನಂತರ, [x²] ಬಂದಾಗ. 0ಯಿಂದ 2ರವರೆಗೆ ಅನುಕಲ ಕೇಳಿದರೆ, ರೂಢಿಯಂತೆ 1ರಲ್ಲಿ ಮಾತ್ರ ತುಂಡರಿಸಿ, ಮೊದಲರ್ಧಕ್ಕೆ 0, ಎರಡನೆಯದಕ್ಕೆ 1 ಎಂದು ಬರೆದು ಉತ್ತರ 1 ಎಂದುಬಿಡುತ್ತಾರೆ. ತುಂಡರಿಸಬೇಕಾದದ್ದು x ಪೂರ್ಣಾಂಕವಾಗುವಲ್ಲಿ ಅಲ್ಲ, ಆವರಣದೊಳಗಿನ x² ಪೂರ್ಣಾಂಕವಾಗುವಲ್ಲಿ. x² ಎನ್ನುವುದು 1, 2, 3 ಆಗುವುದು ಕ್ರಮವಾಗಿ 1, √2, √3ರಲ್ಲಿ. ಒಂದೊಂದರಂತೆ ಏರುವುದು ಎತ್ತರ. ಅಗಲಗಳು ಒಂದೇ ಸಮ ಇರುವುದಿಲ್ಲ.

0ಯಿಂದ 1ರವರೆಗೆ ಎತ್ತರ 0, ಅಲ್ಲಿ ಲೆಕ್ಕಕ್ಕೆ ಏನೂ ಇಲ್ಲ. ಮುಂದಿನ ಮೂರು ಆಯತಗಳು ಹೀಗೆ:

(√2 − 1)·1 + (√3 − √2)·2 + (2 − √3)·3 = 5 − √2 − √3

ಬೆಲೆ ಸುಮಾರು 1.854. ಅಗಲಗಳನ್ನು ಗಮನಿಸಿ: 0.414, 0.318, 0.268. x² ಬರಬರುತ್ತಾ ಬೇಗ ಏರುವುದರಿಂದ ಮೆಟ್ಟಿಲುಗಳು ಕಿರಿದಾಗುತ್ತಾ ಹೋಗುತ್ತವೆ.

ತುಂಡರಿಸಿದ್ದು ಸರಿಯೇ ಎಂದು ನೋಡಲು, ಪ್ರತಿ ತುಂಡಿನ ಎರಡು ತುದಿಗಳ ಹತ್ತಿರದ ಬೆಲೆಗಳನ್ನು ಹಾಕಿ ನೋಡಿ. 1ರಿಂದ 2ರವರೆಗಿನದು ಒಂದೇ ತುಂಡು ಎಂದುಕೊಂಡವರು 1.1 ಹಾಕಿದರೆ x² = 1.21, ಎತ್ತರ 1, 1.9 ಹಾಕಿದರೆ 3.61, ಎತ್ತರ 3. ಎತ್ತರ ಬದಲಾಯಿತೆಂದರೆ ನಡುವೆ ಎಲ್ಲೋ ಮೆಟ್ಟಿಲು ತಪ್ಪಿಹೋಗಿದೆ. x² ನಡುವೆ ಇಳಿಯದೆ ಏರುತ್ತಲೇ ಹೋಗುವುದರಿಂದ ಇಲ್ಲಿ ತುದಿಗಳೇ ಸಾಕು. ಸೈನ್‌ನಂತೆ ಏರಿ ಇಳಿಯುವ ಫಲನವಾದರೆ ಈ ಪರೀಕ್ಷೆಯನ್ನು ನೆಚ್ಚಬೇಡಿ, ನಕ್ಷೆಯನ್ನೇ ಬರೆಯಿರಿ.

ಋಣ ಸಂಖ್ಯೆಗಳಿದ್ದರೆ ಇನ್ನೊಂದು ಎಚ್ಚರ ಬೇಕು. [−0.5] ಎಂದರೆ 0 ಅಲ್ಲ, −1. ಹೀಗಾಗಿ −1ರಿಂದ 1ರವರೆಗೆ [x]ನ ಅನುಕಲವನ್ನು ಎರಡೂ ಬದಿ ಸಮವೆಂದು ಸೊನ್ನೆ ಮಾಡಿದರೆ ಅಂಕ ಹೋಗುತ್ತದೆ. ಎಡಗಡೆಯ ಆಯತ −1, ಬಲಗಡೆಯದು 0, ಸರಿಯುತ್ತರ −1.